ಒಬ್ಬರು, ಒಬ್ಬಳು

ನನ್ನ ತಾಯಿ ವಯನಾಡಿನವರು, ತಂದೆ ಎನ್. ಬೇಗೂರಿನ ಕಡೆಯವರು. ಮನೆಯೊಳಗೆ ಅಮ್ಮನ ಮಲಯಾಳ, ಹೊಸ್ತಿಲು ದಾಟಿದರೆ ಊರಿನ ಕನ್ನಡ. ಎರಡೂ ಒಟ್ಟಿಗೇ ಬಾಯಿಗೆ ಬಂದದ್ದರಿಂದ ಯಾವುದನ್ನೂ ಕಲಿತ ನೆನಪು ನನಗಿಲ್ಲ. ಮುಂದೆ ಕನ್ನಡವನ್ನೇ ಓದಿ, ಎಚ್.ಡಿ. ಕೋಟೆಯಲ್ಲಿ ಹೈಸ್ಕೂಲು ಟೀಚರಾದೆ. ಅಮ್ಮ ತೀರಿಕೊಂಡ ಮೇಲೆ ಮಲಯಾಳ ಹೆಚ್ಚಾಗಿ ಮಾತಾಡುವವರಿಲ್ಲದೆ ಹಾಗೇ ಉಳಿದಿತ್ತು. ಅದು ಮತ್ತೆ ಕೆಲಸಕ್ಕೆ ಬಂದದ್ದು ನಮ್ಮ ಕಥೋಲಿಕ ದೇವಾಲಯದಲ್ಲಿ.

ಕೋಟೆಯಿಂದ ಅಂತರಸಂತೆಗೆ ಹೋಗುವ ದಾರಿಯಲ್ಲಿ ಬಲಕ್ಕೆ ತಿರುಗಿದರೆ ನಮ್ಮ ದೇವಾಲಯ. ಚಿಕ್ಕದು. ಬರುವವರಲ್ಲಿ ಹೆಚ್ಚಿನವರು ಸಣ್ಣಪುಟ್ಟ ಜಮೀನು ಇರುವವರು, ಶುಂಠಿ ಗದ್ದೆಯ ಕೂಲಿಗೆ ಹೋಗುವವರು. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂತೆಂದರೆ ಮೂರು ಸಂಜೆ ಧ್ಯಾನಕೂಟ ನಡೆಯುತ್ತದೆ. ಪ್ರಬೋಧನೆ ಮಾಡಲು ಗಡಿಯಾಚೆಯಿಂದ ಒಬ್ಬ ಫಾದರ್ ಬರುತ್ತಾರೆ. ಅವರು ಮಲಯಾಳದಲ್ಲಿ ಎರಡು ಮೂರು ವಾಕ್ಯ ಹೇಳಿ ನಿಲ್ಲಿಸುತ್ತಾರೆ. ಪಕ್ಕದಲ್ಲಿ ಇನ್ನೊಂದು ಮೈಕು ಹಿಡಿದು ನಿಂತ ನಾನು ಅದನ್ನು ಕನ್ನಡದಲ್ಲಿ ಹೇಳುತ್ತೇನೆ. ಹಲವು ವರ್ಷಗಳಿಂದ ಈ ಕೆಲಸ ನನ್ನದೇ ಆಗಿತ್ತು.

ಅನುವಾದ ಮಾಡುವವರು 'ಫಾದರ್ ಹೀಗೆ ಹೇಳುತ್ತಿದ್ದಾರೆ' ಎನ್ನುವುದಿಲ್ಲ. ಅವರು 'ನಾನು' ಎಂದರೆ ನಾವೂ 'ನಾನು' ಎನ್ನಬೇಕು. ಅವರು ದನಿ ತಗ್ಗಿಸಿದರೆ ನಾವೂ ತಗ್ಗಿಸಬೇಕು. ಅವರು ಪವಿತ್ರಗ್ರಂಥದ ಮಾತೊಂದನ್ನು ಎತ್ತಿಕೊಂಡಾಗ ಮಾತ್ರ ನಾವು ಅನುವಾದ ಮಾಡಬಾರದು. ಜನ ಆ ಮಾತನ್ನು ಭಾನುವಾರದ ವಾಚನದಲ್ಲಿ, ಸಾವಿನ ಮನೆಯ ಪ್ರಾರ್ಥನೆಯಲ್ಲಿ ಯಾವ ಪದಗಳಲ್ಲಿ ಕೇಳಿದ್ದಾರೋ ಅದೇ ಪದಗಳಲ್ಲಿ ಕೊಡಬೇಕು. ಅದಕ್ಕಾಗಿ ನಾನು ಫಾದರಿಂದ ಮೊದಲೇ ಅಧ್ಯಾಯ, ವಚನಗಳನ್ನು ಕೇಳಿಕೊಂಡು, ಕನ್ನಡ ಬೈಬಲಿನಲ್ಲಿ ಆ ಪುಟಗಳಿಗೆ ಕಾಗದದ ಚೂರು ಇಟ್ಟುಕೊಳ್ಳುತ್ತಿದ್ದೆ. ಆದರೆ ಒಳ್ಳೆಯ ಪ್ರಬೋಧಕರು ಬರೆದುಕೊಟ್ಟದ್ದಕ್ಕೆ ನಿಲ್ಲುವುದಿಲ್ಲ. ಆವೇಶ ಬಂದಾಗ ಬಾಯಿಪಾಠದಿಂದ ಇನ್ನೊಂದನ್ನು ಹೇಳಿಬಿಡುತ್ತಾರೆ. ಅದು ನನಗೆ ನೆನಪಿದ್ದರೆ ಸರಿ. ಇಲ್ಲದಿದ್ದರೆ, 'ಪವಿತ್ರಗ್ರಂಥದಲ್ಲಿ ಇಂಥ ಮಾತೊಂದಿದೆ, ಅದರ ಭಾವ ಇಷ್ಟು' ಎಂದು ಹೇಳುತ್ತಿದ್ದೆ. ನನ್ನ ವಾಕ್ಯವನ್ನು ದೇವರ ವಾಕ್ಯವೆಂದು ದಾಟಿಸಬಾರದು ಎನ್ನುವ ಎಚ್ಚರ ನನಗಿತ್ತು.

ಎಚ್ಚರದ ಜೊತೆಗೆ ಸ್ವಲ್ಪ ಜಂಬವೂ ಇತ್ತು. ಮಲಯಾಳಕ್ಕೂ ಕನ್ನಡಕ್ಕೂ ಸಮಾನವಾದ ಸಂಸ್ಕೃತ ಪದಗಳು ಬಹಳ. ಅವು ಒಂದೇ ಎಂದು ನಂಬಿದವರು ಎಡವುತ್ತಾರೆ. ಅವರ 'ಅವಕಾಶಂ' ನಮ್ಮ ಅವಕಾಶ ಅಲ್ಲ, ಅದು ಹಕ್ಕು. ಅವರ 'ಅವಸರಂ' ನಮ್ಮ ಅವಸರ ಅಲ್ಲ, ಅದೇ ನಮ್ಮ ಅವಕಾಶ. ನನಗಿಂತ ಮುಂಚೆ ಅನುವಾದ ಮಾಡುತ್ತಿದ್ದವರೊಬ್ಬರು ದೇವರು ನಮಗೆ ಪಶ್ಚಾತ್ತಾಪದ ಅವಸರ ಕೊಟ್ಟಿದ್ದಾರೆ ಎಂದು ಹೇಳಿದಾಗ, ಹಿಂದಿನ ಬೆಂಚಿನವರು ನಗು ತಡೆಯಲು ಬಾಯಿಗೆ ಸೆರಗು ಮುಚ್ಚಿಕೊಂಡಿದ್ದರು. ನಾನು ಅಂಥ ಕಡೆ ಎಡವಿದವಳಲ್ಲ.

ಇನ್ನೊಂದು ವಿಷಯವಿದೆ. ಮಲಯಾಳದ ಕ್ರಿಯಾಪದಕ್ಕೆ ಬಾಲವಿಲ್ಲ. 'ವನ್ನು' ಎಂದರೆ ಬಂದನು, ಬಂದಳು, ಬಂದರು, ಬಂದೆ, ಎಲ್ಲವೂ ಆಗುತ್ತದೆ. ಕನ್ನಡದಲ್ಲಿ ಹಾಗಿಲ್ಲ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಗಂಡೋ ಹೆಣ್ಣೋ, ಮರ್ಯಾದೆ ಕೊಡಬೇಕೋ ಬೇಡವೋ ಎಂದು ತೀರ್ಮಾನ ಮಾಡಿಬಿಡಬೇಕು. ಬೇರೆ ಕ್ರೈಸ್ತ ಸಭೆಗಳ ಹಳೆಯ ಬೈಬಲಿನಲ್ಲಿ ಯೇಸು 'ಹೇಳಿದನು' ಎಂದೇ ಇದೆ, ನಮ್ಮಲ್ಲಿ 'ಹೇಳಿದರು'. ನಮ್ಮವರಿಗೆ ಪ್ರಭುವಿನ ಮಾತಿಗೆ 'ರು' ಬಿಟ್ಟು ಬೇರೆ ಹಚ್ಚಿದರೆ ಕಿವಿಗೆ ಕಲ್ಲು ಹೊಡೆದ ಹಾಗೆ. ಫಾದರ್ ಎಷ್ಟೇ ವೇಗವಾಗಿ ಹೋಗಲಿ, ಪ್ರಭು, ಪ್ರವಾದಿಗಳು, ಸಂತರು, ಮಾತೆ ಮರಿಯಮ್ಮನವರು, ಯಾರ ವಿಷಯಕ್ಕೆ ಬಂದರೂ ನನ್ನ 'ರು' ತಪ್ಪುತ್ತಿರಲಿಲ್ಲ. ಅದನ್ನು ಜನ ಹೊಗಳುತ್ತಲೂ ಇದ್ದರು.

ಕಳೆದ ವರ್ಷದ ಧ್ಯಾನಕೂಟಕ್ಕೆ ಬಂದ ಫಾದರ್ ವಯಸ್ಸಾದವರು, ಮೆಲುದನಿಯವರು. ಅಬ್ಬರವಿಲ್ಲದೆ ಮಾತಾಡುತ್ತಿದ್ದರು. ಮೊದಲ ಸಂಜೆ ಅವರು ಯಾವ ಸೂಚನೆಯೂ ಇಲ್ಲದೆ ಒಂದು ಕೀರ್ತನೆಯ ಸಾಲು ಹೇಳಿದರು. ನಮ್ಮಲ್ಲಿ ಮಣ್ಣು ಮಾಡುವಾಗ ಓದುವ ಕೀರ್ತನೆ ಅದು. ನಾನು ಪುಟ ತಿರುಗಿಸದೆ ಅದೇ ಪದಗಳಲ್ಲಿ ಹೇಳುತ್ತಿದ್ದ ಹಾಗೆ ಮುಂದಿನ ಸಾಲಿನ ಮುದುಕರ ತುಟಿಗಳು ನನ್ನ ಜೊತೆ ಆಡತೊಡಗಿದವು. ಫಾದರ್ ಅದನ್ನು ನೋಡಿ, ಮುಂದಿನ ವಾಕ್ಯಕ್ಕೆ ಹೋಗದೆ, ಅವರು ಮುಗಿಸುವವರೆಗೂ ಕಾದರು. ಆ ದಿನ ನಾನು ಖುಷಿಯಿಂದಲೇ ಮನೆಗೆ ಹೋದೆ.

ಎರಡನೆಯ ದಿನ ಶನಿವಾರ. ಮಧ್ಯಾಹ್ನ ಫಾದರ್ ಗುರುಮನೆಯ ಹೊರಗಿನ ಕೋಣೆಯಲ್ಲಿ ಕುಳಿತಿದ್ದರು. ಮನಸ್ಸಿನ ಭಾರ ಹೇಳಿಕೊಳ್ಳಬೇಕೆನ್ನುವವರು ಒಬ್ಬೊಬ್ಬರಾಗಿ ಹೋಗಿ ಮಾತಾಡಬಹುದಿತ್ತು. ಅದು ಪಾಪನಿವೇದನೆಯಲ್ಲ, ಬರೀ ಮಾತು. ಕನ್ನಡ ಮಾತ್ರ ಬಲ್ಲವರು ನಮ್ಮ ದೇವಾಲಯದ ವಿಚಾರಣಾ ಗುರುಗಳ ಬಳಿಗೆ ಹೋಗುತ್ತಿದ್ದರು. ಮಲಯಾಳ ಬಲ್ಲ ಕೆಲವರು ಈ ಫಾದರ ಬಳಿಗೆ. ನಾನು ಸಂಜೆಯ ವಚನಗಳನ್ನು ಕೇಳಿಕೊಳ್ಳಲು ಹೋದಾಗ ಒಬ್ಬಾಕೆ ಆ ಕೋಣೆಯಿಂದ ಹೊರಗೆ ಬಂದಳು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದವಳು ನನ್ನನ್ನು ನೋಡಿ ತಲೆ ತಗ್ಗಿಸಿ ಹೋದಳು.

ಆಕೆ ನನಗೆ ಚೆನ್ನಾಗಿ ಗೊತ್ತು. ಆಕೆಯ ಮಗಳು ನನ್ನ ಶಾಲೆಯಲ್ಲೇ ಓದಿದವಳು. ಹರೆಯದಲ್ಲಿ ಮಾನಂದವಾಡಿಯ ಕಡೆಯ ತೋಟಗಳಲ್ಲಿ ಕಾಫಿ, ಮೆಣಸು ಬಿಡಿಸಲು ಹೋಗುತ್ತಿದ್ದುದರಿಂದ ಆಕೆಗೆ ಮಲಯಾಳ ಬರುತ್ತದೆ. ಗಂಡ ಲಕ್ವ ಹೊಡೆದು ವರ್ಷಾನುಗಟ್ಟಲೆ ಹಾಸಿಗೆಯಲ್ಲಿದ್ದ. ಕೂಲಿಗೆ ಹೋಗುವ ಮುಂಚೆ ಅವನನ್ನು ತೊಳೆದು, ಮಗ್ಗುಲು ಬದಲಿಸಿ, ಗಂಜಿ ಕುಡಿಸಿ, ಬಂದ ಮೇಲೆ ಮತ್ತೆ ಅದೇ. ಅತ್ತೆ ಮಗನ ಪಕ್ಕದಲ್ಲಿ ಕೂತು ಜಪಸರ ಎಣಿಸುತ್ತಿದ್ದರು. ಅವನು ತೀರಿಕೊಂಡು ಆಗ ವರ್ಷ ತುಂಬಿರಲಿಲ್ಲ. ಗಂಡನ ಸೇವೆ ಎಂದರೆ ಹೀಗಿರಬೇಕು ಎಂದು ದೇವಾಲಯದಲ್ಲಿ ಎಲ್ಲರೂ ಆಕೆಯನ್ನು ತೋರಿಸುತ್ತಿದ್ದರು. ಅಂದು ಆಕೆ ಯಾಕೆ ಅತ್ತಳು ಎಂದು ನಾನು ಕೇಳಲಿಲ್ಲ. ನನ್ನ ಪಾಡಿಗೆ ವಚನಗಳನ್ನು ಗುರುತು ಮಾಡಿಕೊಂಡು ಹೋದೆ.

ಸಂಜೆಯ ವಿಷಯ, ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸು ಜನಸಂದಣಿಯ ನಡುವೆ ಹಿಂದಿನಿಂದ ಬಂದು ಪ್ರಭುವಿನ ಉಡುಪಿನ ಅಂಚನ್ನು ಮುಟ್ಟಿದ ಪ್ರಸಂಗ. ಶುಭಸಂದೇಶದ ಭಾಗವನ್ನು ನಾನು ಕನ್ನಡ ಬೈಬಲಿನಿಂದಲೇ ಓದಿದೆ. ಆಮೇಲೆ ಫಾದರ್ ಅದನ್ನು ತಮ್ಮ ಮಾತಿನಲ್ಲಿ ಬಿಡಿಸತೊಡಗಿದರು. ಆಕೆ ಎಷ್ಟು ವೈದ್ಯರ ಹತ್ತಿರ ಹೋಗಿರಬೇಕು, ಎಷ್ಟು ಮನೆಗಳಲ್ಲಿ ಅವಳನ್ನು ದೂರ ನಿಲ್ಲಿಸಿರಬೇಕು. ನಾನು ಹೇಳುತ್ತ ಹೋದೆ: ಬಂದಳು, ನಡುಗಿದಳು, ಮುಟ್ಟಿದಳು, ಅಡಗಿಕೊಂಡಳು. ಪ್ರಭು ತಿರುಗಿ ನೋಡಿದರು, ಕೇಳಿದರು. ಆಕೆ ಅಡ್ಡಬಿದ್ದಳು. ಒಳ್ಳೆಯ ಲಯ ಹಿಡಿದಿತ್ತು. ದೇವಾಲಯದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ.

ಫಾದರ್ ಅಲ್ಲಿ ನಿಲ್ಲಿಸಿ, ಮೆಲ್ಲಗೆ, ಈಚೆಗೆ ನಡೆದದ್ದೊಂದನ್ನು ಹೇಳುತ್ತೇನೆ ಎಂದರು. 'ಒರಾಳ್ ಎನ್ಟೆ ಅಡುತ್ತು ವನ್ನು' ಎಂದರು. ಒಬ್ಬರು ನನ್ನ ಬಳಿ ಬಂದರು ಎಂದು ಅದರ ಅರ್ಥ. ಒರಾಳ್ ಎಂದರೆ ಒಂದು ಆಳು, ಯಾರೋ ಒಬ್ಬರು. ಗಂಡಸೂ ಆಗಬಹುದು, ಹೆಂಗಸೂ ಆಗಬಹುದು. ಆಮೇಲಿನ ಮಾತುಗಳೂ ಹಾಗೆಯೇ: ಮನೆಯಲ್ಲಿ ಹಾಸಿಗೆ ಹಿಡಿದ ರೋಗಿ, ಹಲವು ವರ್ಷಗಳ ಆರೈಕೆ, ಅಳು. ಎಲ್ಲೂ ಅವನೂ ಇಲ್ಲ, ಅವಳೂ ಇಲ್ಲ. ಅದನ್ನು ಅವರು ಬೇಕೆಂದೇ ಹಾಗೆ ಕಟ್ಟಿದ್ದರೆಂದು ಈಗ ನನಗೆ ಗೊತ್ತು.

ನಾನು ಹೇಳಿದ್ದು: "ಈಚೆಗೆ ಒಬ್ಬಳು ನನ್ನ ಬಳಿಗೆ ಬಂದಳು. ಅವಳ ಮನೆಯಲ್ಲಿ ಬಹಳ ವರ್ಷ ಹಾಸಿಗೆ ಹಿಡಿದ ರೋಗಿಯೊಬ್ಬರಿದ್ದರು. ಅವರನ್ನು ನೋಡಿಕೊಂಡವಳು ಅವಳೇ. ಅವಳು ಅತ್ತಳು."

ಫಾದರ್ ಮುಂದುವರಿಸಿದರು. ದಿನವೂ ಪ್ರಾರ್ಥನೆ ಮಾಡುವಾಗ ಕೇಳಿಕೊಂಡದ್ದು ಒಂದೇ, ಇನ್ನು ಆ ಕಡೆಗೆ ಕರೆದುಕೊಳ್ಳಬೇಕು ಎಂದು. ಮಲಯಾಳದ ಆ ವಾಕ್ಯದಲ್ಲಿ ಯಾರನ್ನು ಕರೆದುಕೊಳ್ಳಬೇಕು ಎಂಬುದು ಕೂಡ ಇರಲಿಲ್ಲ. ನಾನು ಅದನ್ನು ತುಂಬಿದೆ. ಪ್ರಾರ್ಥನೆಯ ಮಾತಾದ್ದರಿಂದ ಭಕ್ತಿಯಿಂದ, ದನಿ ತಗ್ಗಿಸಿ ಹೇಳಿದೆ: "ಪ್ರಭುವೇ, ಇವರನ್ನು ನಿಮ್ಮ ಬಳಿಗೆ ಕರೆದುಕೊಂಡುಬಿಡಿ ಎಂದು ದಿನವೂ ಬೇಡುತ್ತಿದ್ದಳು."

ನಮ್ಮ ಕಡೆ ಹೆಂಗಸು 'ಇವರು' ಎಂದಳೆಂದರೆ ಗಂಡ. ಅದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಆ ವಾಕ್ಯ ಮುಗಿದಾಗ ಹೆಂಗಸರ ಕಡೆಯ ಬೆಂಚುಗಳಲ್ಲಿ ತಲೆಗಳು ತಿರುಗಿದವು. ಎಲ್ಲವೂ ಅಲ್ಲ, ಕೆಲವು. ಅವು ತಿರುಗಿದ ದಿಕ್ಕಿಗೆ ನನ್ನ ಕಣ್ಣೂ ಹೋಯಿತು. ಆಕೆ ಅತ್ತೆಯ ಪಕ್ಕದಲ್ಲಿ, ಎಂದಿನ ಜಾಗದಲ್ಲೇ ಕುಳಿತಿದ್ದಳು. ನೇರವಾಗಿ ನನ್ನನ್ನೇ ನೋಡುತ್ತಿದ್ದಳು. ಮುಖದಲ್ಲಿ ಕೋಪವಿರಲಿಲ್ಲ. ಬಸ್ಸಿನಿಂದ ಬಿದ್ದವರು ಮೊದಲ ಕ್ಷಣದಲ್ಲಿ ನೋಡುವಂಥ ನೋಟ ಅದು, ಏನಾಯಿತೆಂದು ಇನ್ನೂ ಗೊತ್ತಾಗದಿರುವ ನೋಟ.

ಫಾದರಿಗೂ ಗೊತ್ತಾಯಿತು. ಕನ್ನಡ ಬರದಿದ್ದರೂ 'ಒಬ್ಬಳು' ಅವರದೇ ಭಾಷೆಯ 'ಒರುವಳ್'ಗೆ ಬಹಳ ಹತ್ತಿರ. ಅವರು ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ, ಇಂಥ ಪ್ರಾರ್ಥನೆ ಮಾಡಿದ್ದಕ್ಕೆ ಯಾರೂ ಹೆದರಬೇಕಾಗಿಲ್ಲ, ದಣಿದ ಪ್ರೀತಿ ಬೇರೆ ಭಾಷೆಯಲ್ಲಿ ಮಾತಾಡುತ್ತದೆ, ದೇವರಿಗೆ ಆ ಭಾಷೆ ಅರ್ಥವಾಗುತ್ತದೆ ಎಂದು ಹೇಳಿದರು. ಆ ಇಡೀ ಪ್ರಬೋಧನೆಯಲ್ಲಿ ಜನರಿಗೆ ಮುಟ್ಟಬೇಕಾದ ಮಾತು ಅದೇ ಆಗಿತ್ತು. ನಾನು ಗಾಬರಿಯಿಂದ ಆಗ 'ರು'ವಿಗೆ ತಿರುಗಿದೆ. ಅವರು ಹೆದರಿದ್ದರು, ಅವರಿಗೆ ನಾನು ಹೇಳಿದೆ, ಅವರು ಸಮಾಧಾನದಿಂದ ಹೋದರು ಎನ್ನತೊಡಗಿದೆ. ಆಗಲೇ 'ಅವಳು' ಆಗಿಬಿಟ್ಟವಳನ್ನು ನಡುವೆ 'ಅವರು' ಮಾಡಿದ್ದರಿಂದ, ಏನೋ ಮುಚ್ಚಿಡುತ್ತಿದ್ದಾರೆ ಎನ್ನುವುದು ಅರ್ಥವಾಗದಿದ್ದವರಿಗೂ ಅರ್ಥವಾಯಿತು. ಅತ್ತೆ ಎದ್ದರು. ಕೋಲೂರಿಕೊಂಡು, ಯಾರ ಕಡೆಯೂ ನೋಡದೆ, ಪಕ್ಕದ ಬಾಗಿಲಿನಿಂದ ಹೊರಗೆ ಹೋದರು. ಸೊಸೆ ಏಳಲಿಲ್ಲ. ಕೊನೆಯ ಆಶೀರ್ವಾದದವರೆಗೂ ಕುಳಿತೇ ಇದ್ದಳು.

ಮುಗಿದ ಮೇಲೆ ಗುರುಮನೆಯ ಜಗಲಿಯಲ್ಲಿ ನಾವು ಮೂವರು ನಿಂತೆವು, ಫಾದರ್, ನಮ್ಮ ವಿಚಾರಣಾ ಗುರುಗಳು, ನಾನು. ಫಾದರ್ ನನ್ನನ್ನು ಬೈಯಲಿಲ್ಲ. ಮಧ್ಯಾಹ್ನ ಆಕೆಯನ್ನೇ ಕೇಳಿದ್ದೆ ಎಂದರು. ಯಾರೆಂದು ತಿಳಿಯದ ಹಾಗೆ ಹೇಳುತ್ತೇನೆ, ಇಂಥದೇ ಭಾರ ಹೊತ್ತ ಇನ್ನೊಬ್ಬರಿಗೆ ಸಹಾಯವಾಗಬಹುದು, ನಿನಗೆ ಒಪ್ಪಿಗೆಯೇ ಎಂದು. ಆಕೆ ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದಳಂತೆ. ಈ ಊರಿನಲ್ಲಿ ಇಲ್ಲಿಯವರದೇ ಕಥೆ ಹೇಳಲು ಹೋಗಬಾರದಿತ್ತು, ತಪ್ಪು ನನ್ನದು ಎಂದು ಅವರು ಹೇಳಿದರು. ಅದು ಕೇಳಿ ನನಗೆ ಇನ್ನಷ್ಟು ನಾಚಿಕೆಯಾಯಿತು. ಏಕೆಂದರೆ ಅವರ ಮಾತು ಸುರಕ್ಷಿತವಾಗಿಯೇ ಇತ್ತು. ನಮ್ಮ ಧರ್ಮಕೇಂದ್ರದಲ್ಲಿ ಹೆಂಡತಿಯನ್ನು ನೋಡಿಕೊಂಡ ಗಂಡಸಿದ್ದಾರೆ, ತಾಯಿಯನ್ನು ನೋಡಿಕೊಂಡ ಮಗನಿದ್ದಾನೆ. ಒಬ್ಬರು ಬಂದರು, ಅತ್ತರು, ಬೇಡಿಕೊಂಡರು ಎಂದಿದ್ದರೆ ಆಕೆ ಆ ಎಲ್ಲರ ನಡುವೆ ಒಬ್ಬಳಾಗಿ ಉಳಿಯುತ್ತಿದ್ದಳು. ನಾಲಿಗೆಗೆ ಅದೇನೂ ಭಾರವಿರಲಿಲ್ಲ. ಪ್ರತಿ ಸಂತರಿಗೂ ಮರೆಯದೆ ಕೊಡುತ್ತಿದ್ದ ಮರ್ಯಾದೆ ಅದು. ಕೂಲಿ ಮಾಡುವ ಹೆಂಗಸಿನ ಕಥೆಗೆ ಬಂದಾಗ ಅದು ನನ್ನ ಬಾಯಿಗೆ ಬರಲೇ ಇಲ್ಲ.

ನಾಳೆ ಮೈಕಿನಲ್ಲಿ ನಾನೇ ತಪ್ಪು ಅನುವಾದವಾಯಿತೆಂದು ಹೇಳುತ್ತೇನೆ ಎಂದೆ. ನಮ್ಮ ಗುರುಗಳು ತಲೆಯಾಡಿಸಿದರು.

"ಬೇಡಮ್ಮ. ಇವತ್ತು ಗೊತ್ತಾಗದೆ ಹೋದೋರಿಗೂ ನಾಳೆ ಗೊತ್ತಾಗ್ತದೆ. ಆಯಮ್ಮನ್ನ ಎರಡನೇ ಸಲ ನಿಲ್ಸಿದ ಹಾಗಾಗ್ತದೆ."

ಹಾಗಾದರೆ ನಾಳೆ ಬೇರೆ ಯಾರಾದರೂ ಅನುವಾದ ಮಾಡಲಿ ಎಂದೆ. ಬೇರೆ ಯಾರೂ ಇರಲಿಲ್ಲ. ಮೂರನೆಯ ಸಂಜೆ ನಾನೇ ನಿಂತೆ. ಆಕೆಯ ಬೆಂಚಿನಲ್ಲಿ ಆಕೆಯೂ ಇರಲಿಲ್ಲ, ಅತ್ತೆಯೂ ಇರಲಿಲ್ಲ. ಅಂದಿನ ವಿಷಯ ಕ್ಷಮೆ. ಫಾದರ್ 'ನಾನು' ಎಂದಾಗಲೆಲ್ಲ ನಾನೂ 'ನಾನು' ಎನ್ನಬೇಕಾಗಿತ್ತು. ಕ್ಷಮೆ ಕೇಳುವುದು ಹೇಗೆ, ಕೊಡುವುದು ಹೇಗೆ ಎಂದು ನನ್ನ ದನಿಯಲ್ಲಿ, ನನ್ನ ಬಾಯಿಂದ ಜನರಿಗೆ ಹೇಳುತ್ತ ನಿಂತಿದ್ದೆ. ನನ್ನ ಮುಖವನ್ನು ಯಾರೂ ನೋಡದಿದ್ದರೆ ಸಾಕು ಎನಿಸುತ್ತಿತ್ತು. ವಚನಗಳು ಬಂದಾಗ ಮಾತ್ರ ಪುಸ್ತಕದೊಳಗೆ ಮುಖವಿಟ್ಟು ಓದಿದೆ. ಅವು ನನ್ನ ಮಾತಲ್ಲ ಎನ್ನುವುದೇ ಅಂದು ದೊಡ್ಡ ಆಸರೆ.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಆಕೆಯ ಮನೆಗೆ ಹೋದೆ. ಆಕೆ ಕೂಲಿಯಿಂದ ಬಂದು ಕಾಲು ತೊಳೆಯುತ್ತಿದ್ದಳು. ಬನ್ನಿ ಟೀಚರ್ ಎಂದು ಜಗಲಿಯ ಮೇಲೆ ಚಾಪೆ ಹಾಸಿದಳು. ಒಳಗೆ ಅತ್ತೆಯ ಸದ್ದಿರಲಿಲ್ಲ. ಕೇಳಿದ್ದಕ್ಕೆ, ಭಾನುವಾರ ಬೆಳಗಿನ ಬಸ್ಸಿಗೇ ಕಂಪಲಾಪುರದ ತಮ್ಮ ಮಗಳ ಮನೆಗೆ ಹೊರಟುಹೋದರು, ಒಂದು ಮಾತೂ ಆಡಲಿಲ್ಲ ಎಂದಳು. ಬೈದಿದ್ದರೆ ಚೆನ್ನಾಗಿತ್ತು ಎಂದಳು.

ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳು ಅಲ್ಲಿ ಕುಳಿತಾಗ ಉಪಯೋಗಕ್ಕೆ ಬರಲಿಲ್ಲ. ತಪ್ಪಾಯಿತು ಎಂದೆ. ಬೇಕೆಂದು ಮಾಡಲಿಲ್ಲ ಎಂದೆ. ಮಲಯಾಳದಲ್ಲಿ ಹೀಗಿರುತ್ತದೆ, ಕನ್ನಡದಲ್ಲಿ ಹೀಗೆ ಎಂದು ಹೇಳಲು ಹೋದೆ. ಅಲ್ಲಿ ಆಕೆ ನನ್ನನ್ನು ತಡೆದಳು.

"ನಂಗೆ ಗೊತ್ತು ಕಣಿ ಟೀಚರ್. ಎರಡ್ನೂ ಕೇಳ್ದೆ ನಾನು. ಫಾದ್ರು ಯೋಳ್ದಾಗ ನಾನು ಅದ್ರಲ್ಲಿ ಇರ್ನಿಲ್ಲ. ಅಂಗೇ ಕೂತಿದ್ದೆ, ಯಾರ್ದೋ ಕತೆ ಕೇಳ್ದಂಗೆ. ಚೆಂದಾಗಿತ್ತು. ನೀವು ಯೋಳ್ದಾಗ ಇದ್ದೆ."

ನಾನು ಆಕೆಯ ಮುಖ ನೋಡಲಾಗದೆ ಚಾಪೆಯ ಅಂಚನ್ನು ನೋಡುತ್ತ ಕುಳಿತೆ. ಆಕೆಗೆ ಮಲಯಾಳ ಬರುತ್ತದೆಂದು ಗೊತ್ತಿದ್ದೂ, ಆ ಸಂಜೆ ದೇವಾಲಯದಲ್ಲಿ ಎರಡೂ ಭಾಷೆ ಬಲ್ಲವರು ನಾನೊಬ್ಬಳೇ ಎಂದು ನಾನು ಎಷ್ಟು ಸಹಜವಾಗಿ ನಂಬಿದ್ದೆ. ಆಕೆ ತನ್ನ ದುಃಖವನ್ನು ಒಮ್ಮೆ ಬೇರೆಯವರ ದುಃಖದ ಹಾಗೆ ಹಗುರಾಗಿ ಕೇಳಿಸಿಕೊಂಡು, ಮರುಗಳಿಗೆಯಲ್ಲೇ ಅದು ತನ್ನ ಮೇಲೆ ಬೀಳುವುದನ್ನೂ ಕೇಳಿಸಿಕೊಂಡಿದ್ದಳು.

ಆಮೇಲೆ ಆಕೆಯೇ ಕೇಳಿದಳು, ಶನಿವಾರ ಮಧ್ಯಾಹ್ನ ನಾನು ಹೊರಗೆ ಬರುವುದನ್ನು ನೀವು ನೋಡಿದಿರಲ್ಲ, ಅದಕ್ಕೇ ಹಾಗೆ ಬಂತೋ ಎಂದು. ಆ ಪ್ರಶ್ನೆಯನ್ನು ನಾನೂ ಎರಡು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಬಂದಳು, ಮುಟ್ಟಿದಳು ಎಂದು ಓಡುತ್ತಿದ್ದ ನಾಲಿಗೆ ಅದೇ ಜಾಡಿನಲ್ಲಿ ಓಡಿತೋ, ಅಥವಾ ಒಳಗೆಲ್ಲೋ ನನಗೆ ಗೊತ್ತಿದ್ದದ್ದು ಹೊರಗೆ ಬಂತೋ. ಗೊತ್ತಿಲ್ಲ ಎಂದೆ. ಅದು ನಿಜವಾದ ಉತ್ತರ. ಆಕೆ ಹೂಂ ಎಂದಳು. ಕಾಫಿ ಕೊಟ್ಟಳು. ನಾನು ಕುಡಿದು ಬಂದೆ.

ಆಮೇಲಿನ ಭಾನುವಾರಗಳಲ್ಲಿ ಆಕೆ ನಮ್ಮ ದೇವಾಲಯಕ್ಕೆ ಬರಲಿಲ್ಲ. ಬಸ್ಸು ಹತ್ತಿ ಹುಣಸೂರಿಗೆ ಪೂಜೆಗೆ ಹೋಗುತ್ತಾಳೆಂದು ಗೊತ್ತಾಯಿತು. ಇಲ್ಲಿ ಕೆಲವರು, ಪಾಪ, ಎಷ್ಟು ಕಷ್ಟಪಟ್ಟಿದ್ದಳೋ, ಹಾಗನ್ನಿಸುವುದು ಸಹಜ ಎಂದರು. ಕೆಲವರು, ಗಂಡನ ಹೆತ್ತ ತಾಯಿಯ ಎದುರು ಇಂಥ ಮಾತೇ ಎಂದರು. ಯಾರೂ ನನ್ನನ್ನು ದೂರಲಿಲ್ಲ. ಅಂದು ಅನುವಾದ ಚೆನ್ನಾಗಿತ್ತು, ಕಣ್ಣಲ್ಲಿ ನೀರು ಬಂತು ಎಂದು ಒಬ್ಬರು ನನ್ನ ಕೈ ಹಿಡಿದು ಹೇಳಿದರು. ನಾನು ಕೈ ಬಿಡಿಸಿಕೊಂಡು ಮನೆಯ ದಾರಿ ಹಿಡಿದೆ.

ಈಸ್ಟರಿನ ಪಾಸ್ಕ ಹಬ್ಬ ಕಳೆದ ಮೇಲೆ ಒಂದು ಭಾನುವಾರ ನಾನು ಕಂಪಲಾಪುರಕ್ಕೆ ಹೋದೆ. ಹೋಗುವುದು ಸರಿಯೋ ತಪ್ಪೋ ಎಂದು ನಮ್ಮ ಗುರುಗಳನ್ನು ಕೇಳಿದಾಗ, ಸೊಸೆಯ ಪರವಾಗಿ ಏನೂ ಹೇಳಬೇಡಿ, ನಿಮ್ಮ ಪಾಲಿನದನ್ನಷ್ಟೇ ಹೇಳಿ ಬನ್ನಿ ಎಂದಿದ್ದರು. ಹುಣಸೂರಿನಲ್ಲಿ ಬಸ್ಸು ಬದಲಿಸಿದೆ. ಮಗಳ ಮನೆ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಪಕ್ಕದಲ್ಲಿ. ಅತ್ತೆ ಹೊರಗೆ ಮಣೆಯ ಮೇಲೆ ಕುಳಿತು ಅವರೆಕಾಳು ಆರಿಸುತ್ತಿದ್ದರು. ನನ್ನನ್ನು ಗುರುತಿಸಿದರು, ಆದರೆ ಬಾ ಎನ್ನಲಿಲ್ಲ. ನಾನೇ ಪಕ್ಕದಲ್ಲಿ ಕುಳಿತೆ.

ಅಂದು ಫಾದರ್ ಯಾರ ಗುರುತೂ ಸಿಗದ ಹಾಗೆ ಹೇಳಿದ್ದರು, ಗುರುತು ಕೊಟ್ಟವಳು ನಾನು ಎಂದೆ. ಅದಕ್ಕೆ ಕ್ಷಮೆ ಕೇಳಲು ಬಂದೆ ಎಂದೆ. ಅವರು ಕಾಳು ಆರಿಸುತ್ತಲೇ ಇದ್ದರು. ನಾನು ಏಳಬೇಕೆಂದುಕೊಳ್ಳುವಾಗ ಮಾತಾಡಿದರು.

"ಎತ್ತವಳು ಕಣವ್ವ ನಾನು. ನಾನೂ ಬೇಡ್ಕಂಡಿದ್ದೆ. ಕರ್ಕೋ ಸ್ವಾಮಿ, ಇವನ್ ಕಷ್ಟ ನೋಡಕ್ಕಾಗಕಿಲ್ಲ ಅಂತ. ಜಪಸರ ಇಡ್ಕಂಡು ಅದ್ನೇ ಬೇಡ್ಕತಿದ್ದೆ."

ಅವರು ಒಂದು ಹುಳುಕು ಕಾಳನ್ನು ತೆಗೆದು ಎಸೆದರು.

"ನಾನು ಯಾರ್ಗೂ ಯೋಳ್ನಿಲ್ಲ. ಅವ್ಳು ಆ ಫಾದ್ರಿಗೆ ಯೋಳ್ಕಂಡ್ಲು. ಒಂದೇ ಮನೇಲಿ ಮಲಿಕತಿದ್ದೋ ಇಬ್ರೂವೆ. ನಂಗೆ ಯೋಳ್ಬೋದಾಗಿತ್ತಲ್ಲ."

ಅವರು ಎದ್ದು ಹೋದದ್ದನ್ನು ನಾವೆಲ್ಲ ಬೇರೆಯೇ ಥರ ಓದಿಕೊಂಡಿದ್ದೆವು. ಸೊಸೆಯ ಮೇಲೆ ಸಿಟ್ಟು ಎಂದುಕೊಂಡಿದ್ದೆವು. ಸಿಟ್ಟೂ ಇತ್ತು, ಆದರೆ ಪ್ರಾರ್ಥನೆಯ ಮೇಲಲ್ಲ. ತನ್ನ ಬಾಯಿಂದ ಎಂದೂ ಹೊರಗೆ ಬಾರದಿದ್ದ ಮಾತು ಮೈಕಿನಲ್ಲಿ, ನನ್ನ ದನಿಯಲ್ಲಿ ಹೊರಗೆ ಬಂದಾಗ ಆ ಮುದುಕಿಗೆ ಅಲ್ಲಿ ಕುಳಿತಿರಲಾಗಲಿಲ್ಲ. ನಾನು ಅಂದು ಒಬ್ಬರನ್ನು ಬಯಲಿಗೆ ತಂದೆನೆಂದುಕೊಂಡಿದ್ದೆ. ಇಬ್ಬರನ್ನು ತಂದಿದ್ದೆ, ಒಬ್ಬರದು ಯಾರಿಗೂ ಕಾಣಲಿಲ್ಲ ಅಷ್ಟೆ.

ಈ ಮಾತನ್ನು ನಿಮ್ಮ ಸೊಸೆಗೆ ಹೇಳಬಹುದಲ್ಲ ಎಂದೆ. ನಾನು ಹೇಳಲೇ ಎಂದು ಕೇಳಬೇಕೆನ್ನಿಸಿತು, ನಾಲಿಗೆಯ ತುದಿಯವರೆಗೂ ಬಂದಿತ್ತು. ಅವರಿಗೆ ಅದು ಗೊತ್ತಾಯಿತೇನೋ.

"ನೀನು ಯೋಳ್ಬೇಡ ಕಣವ್ವ," ಎಂದರು. "ಯೋಳೋದಿದ್ರೆ ನಾನೇ ಯೋಳ್ತೀನಿ."

ಆಗಲಿ ಎಂದೆ. ಮಗಳು ಒಳಗಿನಿಂದ ಊಟಕ್ಕೆ ಕರೆದಳು. ಮುದ್ದೆ, ಅವರೆಕಾಳಿನ ಸಾರು. ಅತ್ತೆ ನನ್ನ ಎದುರಿಗೇ ಕುಳಿತು ಉಂಡರು, ಮಾತು ಮಾತ್ರ ಮಳೆ, ಹೊಗೆಸೊಪ್ಪಿನ ಸಸಿ, ಬಸ್ಸಿನ ಹೊತ್ತು, ಇಂಥವೇ. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಬಳಿ ಒಂದು ಮನೆಯ ಎರಡು ಮಾತುಗಳಿದ್ದವು. ಒಂದನ್ನು ಹೇಳಬಾರದ ರೀತಿಯಲ್ಲಿ ಹೇಳಿಬಿಟ್ಟಿದ್ದೆ. ಇನ್ನೊಂದನ್ನು ಹೇಳಿದರೆ ಒಳ್ಳೆಯದಾಗುತ್ತದೆಂದು ಗೊತ್ತಿದ್ದೂ ಹೇಳುವಂತಿರಲಿಲ್ಲ. ಆಮೇಲೆ ಕೋಟೆಯ ಬಸ್‌ ಸ್ಟ್ಯಾಂಡಿನಲ್ಲಿ ಆಕೆ ಒಂದೆರಡು ಸಲ ಸಿಕ್ಕಳು. ನಾನು ಕಂಪಲಾಪುರಕ್ಕೆ ಹೋಗಿದ್ದೆನೆಂದಷ್ಟೇ ಹೇಳಿದೆ. ಅತ್ತೆ ಹೇಗಿದ್ದಾರೆ ಎಂದು ಕೇಳಿದಳು. ಚೆನ್ನಾಗಿದ್ದಾರೆ, ಬರುತ್ತಾರೆ ಎಂದೆ. ಬರುತ್ತಾರೆ ಎನ್ನುವುದನ್ನು ನಾನೇ ಸೇರಿಸಿದ್ದು.

ಮಳೆಗಾಲ ಹಿಡಿದ ಮೇಲೆ ಅತ್ತೆ ಬಂದರು. ಯಾವಾಗ ಬಂದರು, ಯಾಕೆ ಬಂದರು ನನಗೆ ಗೊತ್ತಿಲ್ಲ. ಒಂದು ಭಾನುವಾರ ಪೂಜೆಗೆ ಹೋದಾಗ ಇಬ್ಬರೂ ಬಂದಿದ್ದರು, ಹಳೆಯ ಬೆಂಚಿನಲ್ಲೇ. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಕುಳಿತಿದ್ದರು. ಪರಸ್ಪರ ಮಾತಾಡಿಕೊಂಡಿದ್ದಾರೋ ಇಲ್ಲವೋ ನೋಡಿದರೆ ತಿಳಿಯುತ್ತಿರಲಿಲ್ಲ. ಈಗಲೂ ತಿಳಿಯುವುದಿಲ್ಲ. ಪರಮಪ್ರಸಾದ ಸ್ವೀಕರಿಸಲು ಹೋಗುವಾಗ ಸೊಸೆ ಅತ್ತೆಯ ಮೊಣಕೈ ಹಿಡಿದುಕೊಂಡಳು. ನೆಲ ಒದ್ದೆಯಾಗಿತ್ತು, ಯಾರಾಗಿದ್ದರೂ ಹಾಗೇ ಹಿಡಿದುಕೊಳ್ಳುತ್ತಿದ್ದರು.

ಈ ವರ್ಷದ ಧ್ಯಾನಕೂಟಕ್ಕೆ ಗುರುಗಳು ಮತ್ತೆ ನನ್ನನ್ನೇ ಕೇಳಿದರು. ಆಗುವುದಿಲ್ಲ ಎಂದೆ. ನೀವು ಕಲಿತದ್ದೇನೂ ಉಪಯೋಗಕ್ಕೆ ಬಾರದ ಹಾಗೆ ಮಾಡಬೇಡಿ ಎಂದು ಅವರು ಒತ್ತಾಯ ಮಾಡಿದರು. ಕೊನೆಗೆ ಪಿರಿಯಾಪಟ್ಟಣದ ಕಡೆಯ ಕಾನ್ವೆಂಟಿನಿಂದ ಒಬ್ಬ ಸಿಸ್ಟರ್ ಬಂದರು. ಮಲಯಾಳಿಯೇ, ಕನ್ನಡ ಕಲಿತವರು. ಅವರ ಕನ್ನಡದಲ್ಲಿ ಅಲ್ಲಲ್ಲಿ ತಪ್ಪುಗಳಿದ್ದವು. ಬಂದರು ಎನ್ನಬೇಕಾದ ಕಡೆ ಬಂದ ಎನ್ನುತ್ತಿದ್ದರು, ಪ್ರಭುವಿಗೆ ಕೂಡ. ನಮ್ಮ ಹಿರಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ನನ್ನ ತುಟಿ ತಾನಾಗಿ ತಿದ್ದಲು ಹೊರಟಿತ್ತು. ತುಟಿ ಕಚ್ಚಿಕೊಂಡೆ.

ಮೂರೂ ಸಂಜೆ ನಾನು ಕೊನೆಯ ಬೆಂಚಿನಲ್ಲಿ ಕುಳಿತೆ. ಆ ಇಬ್ಬರೂ ಮುಂದೆ, ತಮ್ಮ ಜಾಗದಲ್ಲಿ ಕುಳಿತಿರುತ್ತಿದ್ದರು. ಈ ಸಲ ಬಂದ ಫಾದರ್ ಯಾವುದಾದರೂ ಉದಾಹರಣೆ ಕೊಡುತ್ತೇನೆ ಎಂದಾಗಲೆಲ್ಲ ಆಕೆಯ ಬೆನ್ನು ನೆಟ್ಟಗಾಗುವುದು ನನಗೆ ಕಾಣುತ್ತಿತ್ತು. ಸಿಸ್ಟರ್ ಕನ್ನಡದಲ್ಲಿ ಹೇಳಿ ಮುಗಿಸುವವರೆಗೂ ಹಾಗೇ ಇರುತ್ತಿತ್ತು. ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಪಕ್ಕದವರು ನಾನು ಪ್ರಾರ್ಥನೆಯಲ್ಲಿದ್ದೇನೆ ಎಂದುಕೊಂಡಿರಬೇಕು.

ಕೊನೆಯ ದಿನ ಹೊರಗೆ ಚಪ್ಪಲಿ ಹುಡುಕುವಾಗ ಆಕೆ ನನ್ನ ಪಕ್ಕಕ್ಕೆ ಬಂದಳು. ಚೆನ್ನಾಗಿದ್ದೀರಾ ಟೀಚರ್ ಎಂದು ಕೇಳಿದಳು. ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದಳು. ಚೆನ್ನಾಗಿದ್ದೇನೆ ಎಂದೆ. ಮಗಳಿಗೆ ಮೈಸೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತಂತೆ, ಅದನ್ನು ಹೇಳಿದಳು. ನನಗೆ ಸಂತೋಷವಾಯಿತು, ಅದನ್ನು ಹೇಳಿದೆ. ಅಷ್ಟರಲ್ಲಿ ಅತ್ತೆ ಗೇಟಿನ ಹತ್ತಿರದಿಂದ ಅವಳನ್ನು ಕರೆದರು. ಬತ್ತೀನಿ ಟೀಚರ್ ಎಂದು ಆಕೆ ಹೋದಳು. ನಾನು ನನ್ನ ಚಪ್ಪಲಿ ಕಾಲಿಗೆ ಹಾಕಿಕೊಂಡು, ಅವರಿಬ್ಬರೂ ರಸ್ತೆಗೆ ಇಳಿಯುವವರೆಗೂ ಅಲ್ಲೇ ನಿಂತೆ. ಅವರ ಜೊತೆಗೇ ನಡೆದು ಹೋಗುವ ಧೈರ್ಯ ನನಗಿನ್ನೂ ಬಂದಿರಲಿಲ್ಲ.